ಒಂದು ಹನಿ ಗುಲಾಬಿ ಎಣ್ಣೆಗೆ ಐವತ್ತು ಹೂವು

ಪ್ರಶ್ನೆ: ಆನ್‌ಲೈನ್‌ನಲ್ಲಿ 10 ಎಂಎಲ್ ‘ಪ್ಯೂರ್ ರೋಸ್ ಎಸೆನ್ಷಿಯಲ್ ಆಯಿಲ್’ ₹299ಕ್ಕೆ ತರಿಸಿದೆ. ಮಲ್ಲಿಗೆಯದ್ದೂ ಅದೇ ಬೆಲೆಗೆ ಸಿಕ್ಕಿತು. ಅದರ ಮೇಲೆ ‘ಸ್ಟೀಮ್ ಡಿಸ್ಟಿಲ್ಡ್’ ಅಂತ ಬರೆದಿದೆ. ಆದರೆ ಗೊತ್ತಿರುವವರು ಅಸಲಿ ಎಣ್ಣೆ ಸಾವಿರಗಟ್ಟಲೆ ಆಗುತ್ತೆ ಅಂತಾರೆ. ಒಂದಿಷ್ಟು ಎಣ್ಣೆಗೆ ಎಷ್ಟು ಎಸಳು ಬೇಕು? ಯಾಕೆ ಅಷ್ಟು ದುಬಾರಿ? ನಮ್ಮ ಹಿತ್ತಲಲ್ಲಿ ಪನ್ನೀರು ಗುಲಾಬಿ ಚೆನ್ನಾಗಿ ಬಿಡುತ್ತೆ, ಮನೆಯಲ್ಲೇ ಎಣ್ಣೆ ತೆಗೆಯಬಹುದಾ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ:

ಹನಿಯ ಲೆಕ್ಕದಿಂದಲೇ ಶುರು ಮಾಡೋಣ, ಉಳಿದದ್ದು ತಾನಾಗಿ ಬರುತ್ತದೆ.

ಎಣ್ಣೆ ತೆಗೆಯಲು ಬಳಸುವುದು ಡಮಾಸ್ಕ್ ಗುಲಾಬಿ. ಸಸ್ಯಶಾಸ್ತ್ರದ ಹೆಸರು ರೋಸಾ ಡಮಾಸೆನಾ. ನೋಡಲು ಅಂಥಾ ಚೆಂದವೇನಲ್ಲ. ತಿಳಿ ಗುಲಾಬಿ ಬಣ್ಣ, ಸಣ್ಣ ಗಾತ್ರ, ಕಿತ್ತು ಹೂದಾನಿಯಲ್ಲಿಟ್ಟರೆ ಸಂಜೆಗೆಲ್ಲ ಎಸಳು ಉದುರಿರುತ್ತವೆ. ಒಂದು ಹೂವಿನ ತೂಕ ಎರಡೂವರೆ ಗ್ರಾಂ ಆಸುಪಾಸು. ಎಸಳು ಸುಮಾರು 30. ಒಳ್ಳೆಯ ಹವೆ, ಪಳಗಿದ ಭಟ್ಟಿಯವರು, ಎರಡೂ ಕೂಡಿ ಬಂದರೆ 3500 ಕೇಜಿ ಹೂವಿಗೆ 1 ಕೇಜಿ ಎಣ್ಣೆ ಸಿಗುತ್ತದೆ. ಒಂದೊಂದು ವರ್ಷ 3000 ಕೇಜಿಗೇ ಸಿಕ್ಕೀತು. ಬಿಸಿಲು ಜಾಸ್ತಿಯಾದ ವರ್ಷ 5000 ಕೇಜಿ ಹಾಕಿದರೂ ಅಷ್ಟಕ್ಕಷ್ಟೇ.

ಗುಲಾಬಿ ಎಣ್ಣೆ ನೀರಿಗಿಂತ ಹಗುರ. 1 ಎಂಎಲ್ ತೂಗಿದರೆ 0.86 ಗ್ರಾಂ ಬರುತ್ತದೆ. ಅಂದರೆ 1 ಎಂಎಲ್‌ಗೆ 3 ಕೇಜಿ ಹೂವು, ಎಣಿಸಿದರೆ 1200 ಹೂವು. ಡ್ರಾಪರ್‌ನಲ್ಲಿ 1 ಎಂಎಲ್‌ಗೆ 25 ಹನಿ ಬೀಳುತ್ತದೆ ಅಂತ ಇಟ್ಟುಕೊಂಡರೆ ಒಂದು ಹನಿಗೆ ಹತ್ತಿರ ಹತ್ತಿರ 50 ಹೂವು, 1500 ಎಸಳು ಆಯಿತು.

ಈಗ ನಿಮ್ಮ ಬಾಟಲಿಗೆ ಬನ್ನಿ. 10 ಎಂಎಲ್‌ಗೆ 30 ಕೇಜಿ ಹೂವು, 12,000 ಹೂವು ಬೇಕು. ರೈತರಿಗೆ ಕೇಜಿಗೆ ₹100 ಮಾತ್ರ ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಹೂವಿಗೇ ₹3000 ಆಯಿತು. ಇದರ ಮೇಲೆ ಸೌದೆ ಅಥವಾ ಗ್ಯಾಸು, ಕೂಲಿ, ಬಾಟಲಿ, ತೆರಿಗೆ, ನಡುವಿನವರ ಲಾಭ. ನಿಮಗೆ ₹299ಕ್ಕೆ ಬಂದಿದೆ, ಡೆಲಿವರಿ ಬೇರೆ ಫ್ರೀ! ಆ ಬಾಟಲಿಯಲ್ಲಿ ಗುಲಾಬಿ ಎಣ್ಣೆ ಇರಲು ಸಾಧ್ಯವೇ ಇಲ್ಲ. ಇದನ್ನು ಹೇಳಲು ಲ್ಯಾಬ್ ಬೇಕಿಲ್ಲ, ಗುಣಾಕಾರ ಬಂದರೆ ಸಾಕು.

ಸರಿ, ಹೂವಿನಲ್ಲಿ ಎಣ್ಣೆ ಯಾಕೆ ಇಷ್ಟು ಕಡಿಮೆ? ಲವಂಗ ತೆಗೆದುಕೊಳ್ಳಿ. 100 ಗ್ರಾಂ ಲವಂಗದಲ್ಲಿ 15 ಗ್ರಾಂಗಿಂತ ಹೆಚ್ಚು ಎಣ್ಣೆ ಇರುತ್ತದೆ. ನೀಲಗಿರಿ ಎಲೆಯಲ್ಲೂ 1–2 ಗ್ರಾಂ ಸಿಗುತ್ತದೆ. ಈ ಗಿಡಗಳಿಗೆ ಎಣ್ಣೆ ತುಂಬಿಡಲು ಪುಟ್ಟ ಪುಟ್ಟ ಚೀಲಗಳೇ ಇವೆ. ನೀಲಗಿರಿ ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತವಲ್ಲ, ಅವೇ. ಗುಲಾಬಿ ಎಸಳಿನಲ್ಲಿ ಅಂಥ ಚೀಲ ಇಲ್ಲ. ಎಸಳಿನ ಮೇಲ್ಪದರದ ಜೀವಕೋಶಗಳು ಪರಿಮಳವನ್ನು ತಯಾರಿಸುತ್ತವೆ, ತಯಾರಿಸಿದ ಹಾಗೇ ಗಾಳಿಗೆ ಬಿಡುತ್ತವೆ. ಹೂವಿಗೆ ಬೇಕಾಗಿರುವುದೂ ಅದೇ, ದುಂಬಿಗೆ ವಾಸನೆ ಮುಟ್ಟಬೇಕು. ಕೂಡಿಟ್ಟುಕೊಂಡು ಅದಕ್ಕೇನು ಲಾಭ? ಹೆಚ್ಚೆಂದರೆ 100 ಗ್ರಾಂ ಹೂವಿನಲ್ಲಿ 0.03 ಗ್ರಾಂ ಆಸುಪಾಸು ಇರುತ್ತದೆ, ಅಷ್ಟೇ.

ಆ 0.03 ಗ್ರಾಂ ಕೂಡ ದಿನವಿಡೀ ಇರುವುದಿಲ್ಲ. ಇಲ್ಲಿಂದಲೇ ಖರ್ಚು ಏರತೊಡಗುತ್ತದೆ.

ಬಲ್ಗೇರಿಯಾದ ಕಜನ್‌ಲಕ್ ಸುತ್ತಮುತ್ತಲಿನ ಕಣಿವೆ ಗುಲಾಬಿ ಎಣ್ಣೆಗೆ ಹೆಸರುವಾಸಿ. ಟರ್ಕಿಯ ಇಸ್ಪಾರ್ತಾ ಇನ್ನೊಂದು. ಜಗತ್ತಿನ ಗುಲಾಬಿ ಎಣ್ಣೆಯಲ್ಲಿ ದೊಡ್ಡ ಪಾಲು ಇವೆರಡು ಕಡೆಯಿಂದಲೇ ಬರುತ್ತದೆ. ಕಜನ್‌ಲಕ್‌ನಲ್ಲಿ ವರ್ಷಕ್ಕೆ ಒಂದೇ ಸಲ, ಮೇ ತಿಂಗಳಿಂದ ಜೂನ್‌ವರೆಗೆ, ಮೂರು ನಾಲ್ಕು ವಾರ ಹೂವು ಬಿಡುತ್ತದೆ. ಉಳಿದ ಹನ್ನೊಂದು ತಿಂಗಳು ಗೊಬ್ಬರ, ಕಳೆ, ಸವರುವುದು, ಬರೀ ಖರ್ಚಿನ ಬಾಬ್ತು. ಆ ಮೂರು ವಾರದಲ್ಲೂ ದಿನಕ್ಕೆ ಕೆಲವೇ ಗಂಟೆ ಕೊಯ್ಲು. ನಸುಕಿನಲ್ಲಿ, ಇಬ್ಬನಿ ಇನ್ನೂ ಆರಿರದಾಗ ಶುರು ಮಾಡಿ ಹತ್ತು ಗಂಟೆಯ ಹೊತ್ತಿಗೆ ಮುಗಿಸುತ್ತಾರೆ. ಬಿಸಿಲು ಏರಿದರೆ ಎಣ್ಣೆ ಆರಿಹೋಗುತ್ತದೆ. ಮಧ್ಯಾಹ್ನ ಕಿತ್ತ ಹೂವಿನಲ್ಲಿ ಬೆಳಗಿನದ್ದಕ್ಕಿಂತ ಎಷ್ಟೋ ಕಡಿಮೆ. ಮೋಡ ಕವಿದ, ತಂಪಾದ, ಗಾಳಿಯಿಲ್ಲದ ಬೆಳಗು ಸಿಕ್ಕರೆ ಭಟ್ಟಿಯವರಿಗೆ ಹಬ್ಬ.

ಕೊಯ್ಯುವುದಕ್ಕೆ ಯಂತ್ರ ಹೊಂದುವುದಿಲ್ಲ. ಒಂದೇ ಗಿಡದಲ್ಲಿ ಅರಳಿದ ಹೂವು, ನಾಳೆ ಅರಳುವ ಮೊಗ್ಗು ಎರಡೂ ಇರುತ್ತವೆ, ಮುಳ್ಳಂತೂ ತುಂಬ. ಹೂವನ್ನು ತೊಟ್ಟಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು ಚಟ್ಟನೆ ಮುರಿದು ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕುತ್ತಾರೆ. ಕೈ ಪಳಗಿದವರು ಬೆಳಗಿನ ಹೊತ್ತು 20–30 ಕೇಜಿ ಕೀಳುತ್ತಾರೆ. 25 ಅಂತ ಹಿಡಿದರೂ 1 ಕೇಜಿ ಎಣ್ಣೆಗೆ 140 ಆಳು ಬೇಕು. ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ: ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ತೋಟ, ವರ್ಷಕ್ಕೆ ಮೂರರಿಂದ ಐದು ಟನ್ ಹೂವು ಕೊಡುತ್ತದೆ. ಎರಡೂವರೆ ಎಕರೆಯ ವರ್ಷದ ಬೆಳೆಯೆಲ್ಲ ಸೇರಿ ಒಂದು ಲೀಟರಿನ ಆಸುಪಾಸು ಎಣ್ಣೆ. ನಮ್ಮ ಕಡೆ ಅಡಿಕೆ ತೋಟ ಇಟ್ಟುಕೊಂಡವರಿಗೆ ಇದನ್ನು ಹೇಳಿದರೆ ಸುಮ್ನೆ ತಮಾಷೆ ಮಾಡ್ತೀರಾ ಅಂತಾರೆ.

ಕಿತ್ತ ಹೂವು ಅವತ್ತೇ ಹಂಡೆಗೆ ಬೀಳಬೇಕು. ಮೂಟೆಯಲ್ಲಿ ಒತ್ತಿ ಇಟ್ಟರೆ ಒಳಗೆ ಬಿಸಿ ಏರುತ್ತದೆ. ಕೈ ಹಾಕಿದರೆ ಬೆಚ್ಚಗೆ ತಗಲುತ್ತದೆ, ಎಸಳು ಕಂದು ತಿರುಗುತ್ತದೆ, ಹುಳಿ ವಾಸನೆ ಶುರುವಾಗುತ್ತದೆ. ಭಟ್ಟಿ ಹೊಲದ ಹತ್ತಿರವೇ ಇರಬೇಕು ಅನ್ನುವುದು ಇದಕ್ಕೇ.

ಭಟ್ಟಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಹಂಡೆಗೆ 500 ಕೇಜಿ ಹೂವು, ಅದರ ನಾಲ್ಕು ಪಟ್ಟು, ಅಂದರೆ 2000 ಲೀಟರ್ ನೀರು ಹಾಕುತ್ತಾರೆ. ಒಣ ಹಂಡೆಗೆ ಬರೀ ಹಬೆ ನುಗ್ಗಿಸಿದರೆ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಹಬೆ ಸಂದಿಯಲ್ಲಿ ದಾರಿ ಮಾಡಿಕೊಂಡು ಹೋಗಿಬಿಡುತ್ತದೆ, ಮುದ್ದೆಯ ಒಳಗಿನ ಎಣ್ಣೆ ಒಳಗೇ ಉಳಿಯುತ್ತದೆ. ಅದಕ್ಕೇ ಎಸಳು ನೀರಿನಲ್ಲಿ ತೇಲಾಡುತ್ತಾ ಕುದಿಯಬೇಕು. ಎರಡು ಗಂಟೆ ಕುದಿದಾಗ ಬರುವ ಆವಿಯನ್ನು ತಣ್ಣಗೆ ಮಾಡಿ ನೀರಾಗಿಸುತ್ತಾರೆ. ಆ ನೀರಿನ ಮೇಲೆ ತೆಳ್ಳಗೆ ಹಸಿರು ಛಾಯೆಯ ಎಣ್ಣೆ ತೇಲುತ್ತದೆ.

ಅಷ್ಟಕ್ಕೆ ನಿಲ್ಲಿಸಿದರೆ ಭಟ್ಟಿ ಮುಳುಗಿದ ಹಾಗೇ. ಮೇಲೆ ತೇಲಿದ್ದು ಒಟ್ಟು ಎಣ್ಣೆಯಲ್ಲಿ ನಾಲ್ಕನೇ ಒಂದು ಪಾಲೂ ಇರುವುದಿಲ್ಲ. ಉಳಿದದ್ದು ನೀರಿನಲ್ಲಿ ಬೆರೆತುಹೋಗಿರುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯುತ್ತದಾ ಅಂತ ಕೇಳಬಹುದು. ಅಡುಗೆ ಎಣ್ಣೆ ಬೆರೆಯುವುದಿಲ್ಲ. ಆದರೆ ಗುಲಾಬಿ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಸಿಟ್ರೊನೆಲಾಲ್, ಜೆರಾನಿಯಾಲ್, ನೆರಾಲ್ ಅನ್ನುವ ಆಲ್ಕೋಹಾಲ್‌ಗಳು. ಇವು ನೀರಿಗೆ ಸ್ವಲ್ಪ ಸ್ವಲ್ಪ ಇಳಿಯುತ್ತವೆ. ನೂರಾರು ಲೀಟರ್ ನೀರಿಗೆ ಸ್ವಲ್ಪ ಸ್ವಲ್ಪ ಇಳಿದರೂ ಎಣ್ಣೆಯ ಬಹುಪಾಲು ಖಾಲಿ. ಹಾಗಾಗಿ ಆ ನೀರನ್ನು ಇನ್ನೊಂದು ಹಂಡೆಗೆ ಹಾಕಿ ಮತ್ತೊಮ್ಮೆ ಬಟ್ಟಿ ಇಳಿಸುತ್ತಾರೆ. ಹೊಸ ಎಣ್ಣೆ ತೇಲಿಬರುತ್ತದೆ. ಇದು ತಿಳಿ ಹಳದಿ. ಮೊದಲಿನದನ್ನೂ ಇದನ್ನೂ ಕೂಡಿಸಿದರೆ ಮಾತ್ರ ಮಾರುಕಟ್ಟೆಗೆ ಹೋಗುವ ಗುಲಾಬಿ ಎಣ್ಣೆ. ಇಷ್ಟೆಲ್ಲ ಆದ ಮೇಲೆ ಆ 500 ಕೇಜಿ ಹೂವಿನಿಂದ ಕೈಗೆ ಬರುವುದು 140 ಗ್ರಾಂ ಚಿಲ್ಲರೆ. ಒಂದು ಟೀ ಲೋಟ ಅನ್ನಿ.

ನಮ್ಮ ದೇಶದಲ್ಲೂ ಗುಲಾಬಿ ಬಟ್ಟಿ ಇಳಿಸುವ ಪದ್ಧತಿ ಹಳೆಯದು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಗುಲಾಬಿ ಅತ್ತರನ್ನು ಕಂಡುಹಿಡಿದ ಹೆಗ್ಗಳಿಕೆಯನ್ನು ಅತ್ತೆಗೆ, ಅಂದರೆ ನೂರ್ ಜಹಾನಳ ತಾಯಿ ಅಸ್ಮತ್ ಬೇಗಂಗೆ ಕೊಟ್ಟಿದ್ದಾನೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಯ ಭಟ್ಟಿಗಳಿವೆ. ಆದರೆ ಅಲ್ಲಿನ ಪದ್ಧತಿ ಬೇರೆ. ಗುಲಾಬಿಯ ಆವಿಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ಗಂಧದ ಎಣ್ಣೆ ಇರುವ ಪಾತ್ರೆಗೆ ಇಳಿಸುತ್ತಾರೆ. ಗಂಧದ ಎಣ್ಣೆ ಆ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನ ದಿನವೂ ಹೊಸ ಹೂವು ಹಾಕಿ ಅದೇ ಗಂಧದ ಎಣ್ಣೆಗೆ ಪರಿಮಳ ಏರಿಸುತ್ತಾ ಹೋಗುತ್ತಾರೆ. ಹಾಗಾಗಿ ಅತ್ತರಿನ ಬಾಟಲಿಯಲ್ಲಿ ತೂಕದ ಲೆಕ್ಕಕ್ಕೆ ಬಹುಪಾಲು ಗಂಧದ ಎಣ್ಣೆಯೇ ಇರುತ್ತದೆ. ಇದು ಕಲಬೆರಕೆ ಅಲ್ಲ, ಅತ್ತರು ಮಾಡುವ ರೀತಿಯೇ ಅದು. ಗಂಧದ ಬೆಲೆ ಏರಿದ ಮೇಲೆ ಕೆಲವರು ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಹಾಕತೊಡಗಿದರು. ಅದು ಬೇರೆ ಕಥೆ.

ಕಲಬೆರಕೆಯ ಮಾತು ಬಂದದ್ದರಿಂದ ನಿಮ್ಮ ಬಾಟಲಿಯಲ್ಲಿ ಏನಿರಬಹುದು ಅಂತ ನೋಡೋಣ. ನನ್ನ ಊಹೆ ಪಾಮರೋಸಾ ಎಣ್ಣೆ, ಇಲ್ಲವೇ ಕಾರ್ಖಾನೆಯಲ್ಲಿ ತಯಾರಾದ ಜೆರಾನಿಯಾಲ್ ಮತ್ತು ಫೀನೈಲ್ ಈಥೈಲ್ ಆಲ್ಕೋಹಾಲ್. ಪಾಮರೋಸಾ ನಿಂಬೆಹುಲ್ಲಿನ ಜಾತಿಯ ಒಂದು ಹುಲ್ಲು. ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೆರಾನಿಯಾಲ್ ಇರುತ್ತದೆ, ಮೂಸಿದರೆ ತಟ್ಟನೆ ಗುಲಾಬಿ ನೆನಪಾಗುತ್ತದೆ. ಈ ಚಾಳಿ ಹೊಸದೇನಲ್ಲ. 19ನೇ ಶತಮಾನದಲ್ಲಿ ಖಾನ್‌ದೇಶದ ಕಡೆಯ ಈ ಹುಲ್ಲಿನ ಎಣ್ಣೆ ಮುಂಬೈ ಬಂದರಿನಿಂದ ಹಡಗು ಹತ್ತಿ ಟರ್ಕಿಗೆ ಹೋಗುತ್ತಿತ್ತು. ಅಲ್ಲಿ ನಿಂಬೆರಸ ಹಾಕಿ ಬಿಸಿಲಿಗಿಟ್ಟು ಬಣ್ಣ, ವಾಸನೆ ತಿಳಿ ಮಾಡಿ ಬಲ್ಗೇರಿಯಾದ ಭಟ್ಟಿಗಳಿಗೆ ಕಳಿಸುತ್ತಿದ್ದರು. ಭಟ್ಟಿಯವರು ಅದನ್ನು ಎಣ್ಣೆಗೆ ಬೆರೆಸುವುದಷ್ಟೇ ಅಲ್ಲ, ಬಟ್ಟಿ ಇಳಿಸುವ ಮೊದಲೇ ಹೂವಿನ ಮೇಲೆ ಚಿಮುಕಿಸುವುದೂ ಇತ್ತು. ಎರಡೂ ಒಟ್ಟಿಗೆ ಆವಿಯಾಗಿ ಒಟ್ಟಿಗೆ ಇಳಿದ ಮೇಲೆ ಹಿಡಿಯುವವರು ಯಾರು? ಯುರೋಪಿನ ಶ್ರೀಮಂತರು ಬಲ್ಗೇರಿಯಾದ ಗುಲಾಬಿ ಅಂತ ಮೂಸಿದ್ದರಲ್ಲಿ ಎಷ್ಟೋ ನಮ್ಮ ಹುಲ್ಲಿನ ಎಣ್ಣೆ!

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬಟ್ಟಿ ಇಳಿಸಿದ ಅಸಲಿ ಗುಲಾಬಿ ಎಣ್ಣೆಯಲ್ಲಿ ಹೂವಿನದೇ ಮೇಣದ ಅಂಶ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಆದರೆ 20 ಡಿಗ್ರಿ ಆಸುಪಾಸಿಗೆ ತಂಪಾದರೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಡಿ. ಅಸಲಿಯಾದರೆ ಒಳಗೆ ಸಣ್ಣ ಸಣ್ಣ ಹೊಳೆಯುವ ಹರಳು ಕಾಣಿಸಿ, ಕೊನೆಗೆ ಎಣ್ಣೆ ಅಲುಗಾಡದ ಹಾಗೆ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಕರಗಿ ತಿಳಿಯಾಗುತ್ತದೆ. ನಿಮ್ಮದು ಫ್ರಿಜ್‌ನಲ್ಲೂ ನೀರಿನ ಹಾಗೇ ಓಡಾಡುತ್ತಿದ್ದರೆ ಅದು ಬಟ್ಟಿ ಇಳಿಸಿದ ಗುಲಾಬಿ ಎಣ್ಣೆ ಅಲ್ಲ. ಆದರೆ ಗಟ್ಟಿಯಾದ ಮಾತ್ರಕ್ಕೆ ಅಸಲಿ ಅಂತ ಖುಷಿಪಡಬೇಡಿ. ಮೋಸ ಮಾಡುವವರಿಗೂ ಈ ಪರೀಕ್ಷೆ ಗೊತ್ತು, ಅವರು ಹೊರಗಿನ ಮೇಣ ಬೆರೆಸುತ್ತಾರೆ. ಈ ಪರೀಕ್ಷೆಯಲ್ಲಿ ಫೇಲ್ ಆದರೆ ಖಂಡಿತ ನಕಲಿ, ಪಾಸಾದರೆ ಇನ್ನೂ ಅನುಮಾನ ಉಳಿದಿರುತ್ತದೆ.

ಲ್ಯಾಬ್‌ನಲ್ಲಿ ನಾವು ನೋಡುವುದು ಬೇರೆ. ಎಣ್ಣೆಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಟ್ಟರೆ ಅದರಲ್ಲಿರುವ ಒಂದೊಂದು ಪದಾರ್ಥವೂ ಬೇರೆ ಬೇರೆಯಾಗಿ ಪರದೆಯ ಮೇಲೆ ಏಳುತ್ತದೆ. ಮೊದಲು ಕಣ್ಣು ಹೋಗುವುದು ಫೀನೈಲ್ ಈಥೈಲ್ ಆಲ್ಕೋಹಾಲ್ ಕಡೆಗೆ. ತಾಜಾ ಗುಲಾಬಿಯ ವಾಸನೆಗೆ ಇದು ಬಹಳ ಮುಖ್ಯ, ಆದರೆ ನೀರಿಗೆ ಸುಲಭವಾಗಿ ಇಳಿಯುತ್ತದೆ. ಬಟ್ಟಿ ಇಳಿಸುವಾಗ ಬಹುತೇಕ ನೀರಿನಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಅಸಲಿ ಎಣ್ಣೆಯಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಮಾತ್ರ ಕಾಣಬೇಕು. ‘ಬಟ್ಟಿ ಇಳಿಸಿದ್ದು’ ಅಂತ ಬಂದ ಸ್ಯಾಂಪಲ್‌ನಲ್ಲಿ 40 ಪಾಲು ಕಂಡರೆ ಅಲ್ಲಿಗೆ ಕೇಸು ಮುಗಿಯಿತು. ಇನ್ನೊಂದು ಸಿಟ್ರೊನೆಲಾಲ್. ಇದಕ್ಕೆ ಎಡಗೈ ಬಲಗೈ ಇದ್ದ ಹಾಗೆ ಎರಡು ರೂಪ. ಗುಲಾಬಿ ಗಿಡ ಹೆಚ್ಚುಕಡಿಮೆ ಒಂದೇ ರೂಪವನ್ನು ಮಾಡುತ್ತದೆ. ಕಾರ್ಖಾನೆಯ ಅಗ್ಗದ ಸಿಟ್ರೊನೆಲಾಲ್‌ನಲ್ಲಿ ಎರಡೂ ಸಮ ಸಮ ಇರುತ್ತವೆ. ಯಂತ್ರಕ್ಕೆ ಅವನ್ನು ಬೇರ್ಪಡಿಸುವ ಕೊಳವೆ ಹಾಕಿ ನೋಡಿದರೆ ಬಣ್ಣ ಬಯಲು.

ಇನ್ನು ಮಲ್ಲಿಗೆ. ನಿಮ್ಮ ಎರಡನೇ ಬಾಟಲಿಯ ಮೇಲೆ ‘ಸ್ಟೀಮ್ ಡಿಸ್ಟಿಲ್ಡ್’ ಅಂತ ಬರೆದಿದೆಯಲ್ಲ, ಆ ಎರಡು ಪದ ಓದಿದರೇ ಸಾಕು. ಮಾರುಕಟ್ಟೆಗೆ ಬರುವ ಅಸಲಿ ಮಲ್ಲಿಗೆ ಎಣ್ಣೆಯನ್ನು ಹಬೆಯಲ್ಲಿ ತೆಗೆಯುವುದಿಲ್ಲ. ತೆಗೆಯಲು ಹೋದರೆ ಬರುವುದು ಅತ್ಯಲ್ಪ, ಬಂದದ್ದೂ ಬೇಯಿಸಿದ ಸೊಪ್ಪಿನ ವಾಸನೆ ಹೊಡೆಯುತ್ತದೆ. ಮಲ್ಲಿಗೆಯ ಪರಿಮಳ ಆ ಬಿಸಿಯನ್ನು ತಡೆದುಕೊಳ್ಳುವುದಿಲ್ಲ.

ಮಲ್ಲಿಗೆಗೆ ಇನ್ನೊಂದು ಗುಣ ಇದೆ. ಮುಡಿದವರಿಗೆಲ್ಲ ಗೊತ್ತು: ಸಂಜೆ ಮೊಗ್ಗು ಮುಡಿದರೆ ಪರಿಮಳ ಜೋರಾಗುವುದು ರಾತ್ರಿ. ಗಿಡದಿಂದ ಕಿತ್ತ ಮೇಲೂ ಹೂವು ಬದುಕಿದ್ದು ಪರಿಮಳ ತಯಾರಿಸುತ್ತಲೇ ಇರುತ್ತದೆ. 20ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹೆಸ್ಸೆ ಇದನ್ನು ಲೆಕ್ಕ ಹಾಕಿ ತೋರಿಸಿದ. ಕಿತ್ತ ತಕ್ಷಣ ಹೂವಿನಲ್ಲಿ ಇರುವುದಕ್ಕಿಂತ ಹಲವು ಪಟ್ಟು ಎಣ್ಣೆಯನ್ನು ಅದು ಆಮೇಲೆ ಬಿಡುತ್ತದೆ. ಆಗ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಗಾಜಿನ ಹಲಗೆಗೆ ಪ್ರಾಣಿಗಳ ಕೊಬ್ಬು ಸವರಿ, ಅದರ ಮೇಲೆ ಹೂವು ಹರಡಿ, ದಿನಾ ಹಳೆ ಹೂವು ತೆಗೆದು ಹೊಸದು ಹಾಕುತ್ತಾ ವಾರಗಟ್ಟಲೆ ಪರಿಮಳ ತುಂಬಿಸುತ್ತಿದ್ದರು. ಉತ್ತರ ಭಾರತದಲ್ಲಿ ಇದೇ ಕೆಲಸಕ್ಕೆ ಎಳ್ಳು ಬಳಸುತ್ತಿದ್ದರು. ಎಳ್ಳಿನ ಒಂದು ಪದರ, ಹೂವಿನ ಒಂದು ಪದರ. ಪರಿಮಳ ಹೀರಿಕೊಂಡ ಎಳ್ಳನ್ನು ಗಾಣಕ್ಕೆ ಹಾಕಿದರೆ ಚಮೇಲಿ ಎಣ್ಣೆ.

ಈಗ ಅಷ್ಟು ತಾಳ್ಮೆ, ಅಷ್ಟು ಕೂಲಿ ಯಾರಿಗೂ ಕಟ್ಟುವುದಿಲ್ಲ. ಹೂವನ್ನು ಹೆಕ್ಸೇನ್ ಅನ್ನುವ ದ್ರಾವಕದಲ್ಲಿ ನೆನೆಸುತ್ತಾರೆ. ತಮಿಳುನಾಡಿನ ಕೊಯಮತ್ತೂರು, ಸತ್ಯಮಂಗಲ, ದಿಂಡಿಗಲ್ ಕಡೆ ಇಂಥ ಕಾರ್ಖಾನೆಗಳಿವೆ. ಈಜಿಪ್ಟ್ ಮತ್ತು ಭಾರತವೇ ಈ ವ್ಯಾಪಾರದಲ್ಲಿ ಮುಂದಿರುವ ದೇಶಗಳು. ಮಲ್ಲಿಗೆಯ ಕುಲದ್ದೇ ಆದ ಜಾಜಿ ಹೂವಿನ ಲೆಕ್ಕ ನೋಡಿ. 1 ಕೇಜಿಗೆ ಸುಮಾರು 10,000 ಹೂವು ಬೇಕು, ಅಷ್ಟು ಹಗುರ. 1000 ಕೇಜಿ ಜಾಜಿ, ಅಂದರೆ ಒಂದು ಕೋಟಿ ಹೂವು, ಹೆಕ್ಸೇನ್‌ನಲ್ಲಿ ಎರಡು ಮೂರು ಸಲ ತೊಳೆದು, ಹೆಕ್ಸೇನ್ ಆವಿ ಮಾಡಿ ವಾಪಸ್ ಹಿಡಿದ ಮೇಲೆ 3 ಕೇಜಿಯಷ್ಟು ಕಂದು ಮೇಣ ಉಳಿಯುತ್ತದೆ. ಇದಕ್ಕೆ ಕಾಂಕ್ರೀಟ್ ಅಂತಾರೆ. ಈ ಮೇಣವನ್ನು ಆಲ್ಕೋಹಾಲ್‌ನಲ್ಲಿ ಕಲಸಿ, ಸೊನ್ನೆಗಿಂತ ಕೆಳಗೆ ತಂಪು ಮಾಡಿದರೆ ಮೇಣ ಗಟ್ಟಿಯಾಗಿ ಬೇರೆಯಾಗುತ್ತದೆ. ಸೋಸಿ, ಆಲ್ಕೋಹಾಲ್ ತೆಗೆದರೆ ಒಂದೂವರೆ ಕೇಜಿ ಆಬ್ಸಲ್ಯೂಟ್ ಸಿಗುತ್ತದೆ. ಅದೇ ಅಸಲಿ ಮಲ್ಲಿಗೆ ಎಣ್ಣೆ. ಕಡು ಕಿತ್ತಳೆ ಬಣ್ಣ, ಸ್ವಲ್ಪ ಮಂದ. ನೀರಿನ ಹಾಗೆ ಬಣ್ಣವಿಲ್ಲದ ‘ಜಾಸ್ಮಿನ್ ಆಯಿಲ್’ ಕಂಡರೆ ಮುಂದಕ್ಕೆ ಹೋಗಿ.

10 ಎಂಎಲ್‌ಗೆ ಸುಮಾರು ಆರೂವರೆ ಕೇಜಿ ಜಾಜಿ ಆಯಿತು. ಗುಲಾಬಿಯ 30 ಕೇಜಿ ಎಲ್ಲಿ, ಇದೆಲ್ಲಿ, ಮಲ್ಲಿಗೆ ಅಗ್ಗ ಅಲ್ವಾ ಅನ್ನಿಸಬಹುದು. ತೂಕ ನೋಡಬೇಡಿ, ಎಣಿಸಿ ನೋಡಿ. ಆ ಆರೂವರೆ ಕೇಜಿಯಲ್ಲಿ 65,000 ಹೂವು, ಒಂದೊಂದನ್ನೂ ಬೆರಳಲ್ಲಿ ಬಿಡಿಸಬೇಕು. ಗುಲಾಬಿ ಕೊಯ್ಯುವವರು ಬೆಳಗಿನೊಳಗೆ 25 ಕೇಜಿ ಮುಗಿಸಿದರೆ, ಜಾಜಿ ಬಿಡಿಸುವವರಿಗೆ ಎರಡು ಮೂರು ಕೇಜಿ ಆಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ನಾವು ಮುಡಿಯುವ ದುಂಡುಮಲ್ಲಿಗೆಯದ್ದು ಇನ್ನೂ ಕಷ್ಟ. ಅದರಲ್ಲಿ ಜಾಜಿಯ ಅರ್ಧದಷ್ಟೇ ಎಣ್ಣೆ. ಅದೂ ಮೊಗ್ಗಿನಲ್ಲಿ ಸಿಗುವುದಿಲ್ಲ, ಅರಳಬೇಕು. ಮಧ್ಯಾಹ್ನ ಕಾರ್ಖಾನೆಗೆ ಬಂದ ಮೊಗ್ಗನ್ನು ನೆಲದ ಮೇಲೆ ತೆಳ್ಳಗೆ ಹರಡಿ ಕಾಯುತ್ತಾರೆ. ರಾತ್ರಿ ಎಂಟು ಹತ್ತರ ಹೊತ್ತಿಗೆ ಅರಳಿ ಶೆಡ್ಡೆಲ್ಲ ಘಮ್ ಅಂದಾಗ ಯಂತ್ರಕ್ಕೆ ತುಂಬುತ್ತಾರೆ. ಅವಸರ ಮಾಡಿ ಮೊದಲೇ ಹಾಕಿದರೆ ಎಣ್ಣೆಯಲ್ಲಿ ಹಸಿ ಸೊಪ್ಪಿನ ವಾಸನೆ, ಅಳತೆಯೂ ಕಡಿಮೆ. ದಪ್ಪಗೆ ರಾಶಿ ಹಾಕಿದರೆ ಅಡಿಯಲ್ಲಿದ್ದದ್ದು ಬೆಂದು ಕೆಂಪಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ, ಅದು ನಮ್ಮ ಜನರ ತಲೆಯ ಮೇಲೇ ಇದೆ. ಮಲ್ಲಿಗೆ ಎಣ್ಣೆಯ ಕಾರ್ಖಾನೆ ಹೂವಿಗಾಗಿ ಪೈಪೋಟಿ ಮಾಡಬೇಕಾಗಿರುವುದು ಮದುವೆ ಮನೆಯ ಜೊತೆ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಅಲ್ಲಿ ವ್ಯಾಪಾರ ಅಟ್ಟೆಯ ಲೆಕ್ಕದಲ್ಲಿ. 800 ಮೊಗ್ಗಿನ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ಜಾತ್ರೆ, ಕೋಲದ ಸೀಸನ್‌ನಲ್ಲಿ ಒಂದು ಅಟ್ಟೆಗೆ ಸಾವಿರ ದಾಟಿ ಎರಡು ಸಾವಿರದ ಹತ್ತಿರ ಹೋದದ್ದೂ ಉಂಟು. 3200 ಮೊಗ್ಗಿಗೆ ಆ ಬೆಲೆ! ಅದೇ ಮೊಗ್ಗನ್ನು ಎಣ್ಣೆಗೆ ಹಾಕಿದರೆ ನಿಮ್ಮ 10 ಎಂಎಲ್ ಬಾಟಲಿಯ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ನೀವೇ ಊಹಿಸಿ. ಹಾಗಾಗಿ ಉಡುಪಿ ಮಲ್ಲಿಗೆಯಿಂದ ಎಣ್ಣೆ ತೆಗೆಯುವ ವ್ಯಾಪಾರ ಯಾರಿಗೂ ಗಿಟ್ಟುವುದಿಲ್ಲ. ಮಧುರೈ ಕಡೆಯೂ ಪೊಂಗಲ್ ಹತ್ತಿರ ಮಲ್ಲಿಗೆ ಕೇಜಿಗೆ ಸಾವಿರಾರು ರೂಪಾಯಿ ಆಗುತ್ತದೆ. ಕಾರ್ಖಾನೆಯವರು ಆಗ ಆ ಕಡೆ ತಲೆ ಹಾಕುವುದಿಲ್ಲ. ಬೇಸಿಗೆಯಲ್ಲಿ ಹೂವು ರಾಶಿ ರಾಶಿ ಬಂದು ಕಟ್ಟುವವರಿಗೂ ಬೇಡವಾಗಿ ಬೆಲೆ ನೆಲ ಕಚ್ಚಿದಾಗ ಅವರು ಕೊಳ್ಳುತ್ತಾರೆ. ವರ್ಷದ ಮಾಲನ್ನು ಆ ಕೆಲವು ವಾರಗಳಲ್ಲೇ ಮಾಡಿಟ್ಟುಕೊಳ್ಳಬೇಕು. ಗುಲಾಬಿ ಎಣ್ಣೆಯ ಬೆಲೆಯನ್ನು ಹೂವಿನಲ್ಲಿರುವ ಎಣ್ಣೆ ತೀರ್ಮಾನಿಸುತ್ತದೆ ಅಂದರೆ, ಮಲ್ಲಿಗೆ ಎಣ್ಣೆಯ ಬೆಲೆಯನ್ನು ಬೆರಳು ಮತ್ತು ಜಡೆ ಎರಡೂ ಸೇರಿ ತೀರ್ಮಾನಿಸುತ್ತವೆ.

ತರಿಸಿದ ಬಾಟಲಿಗಳನ್ನು ಏನು ಮಾಡುವುದು? ಚೆಲ್ಲಬೇಕಾಗಿಲ್ಲ. ಕೋಣೆಯಲ್ಲಿ ಘಮಕ್ಕೆ ಡಿಫ್ಯೂಸರ್‌ಗೆ ಹಾಕಿ. ಕೃತಕ ಪರಿಮಳ ಅಂದರೆ ವಿಷ ಅಂತಲ್ಲ, ನಾವು ದಿನಾ ಹಚ್ಚುವ ಹೆಚ್ಚಿನ ಅಗರಬತ್ತಿಯಲ್ಲಿ ಇರುವುದೂ ಅದೇ. ಆದರೆ ಚರ್ಮಕ್ಕೆ, ಕೂದಲಿಗೆ ಹಚ್ಚಬೇಡಿ. ಒಳಗೆ ಏನಿದೆ ಅಂತ ಲೇಬಲ್ಲೇ ಸುಳ್ಳು ಹೇಳುವಾಗ ಏನು ನಂಬಿ ಹಚ್ಚುತ್ತೀರಿ? ಅಡುಗೆಗಂತೂ ಬೇಡವೇ ಬೇಡ. ಅಸಲಿ ಬೇಕೇ ಬೇಕು ಅಂದರೆ ಜೊಜೊಬಾ ಅಥವಾ ಬೇರೆ ಎಣ್ಣೆಯಲ್ಲಿ ನೂರಕ್ಕೆ ಮೂರೋ ಐದೋ ಪಾಲು ಬೆರೆಸಿದ್ದು ಸಿಗುತ್ತದೆ, ಬೆರೆಸಿದ್ದೇವೆ ಅಂತ ಲೇಬಲ್‌ನಲ್ಲಿ ನೇರವಾಗಿ ಬರೆದಿರುತ್ತಾರೆ. ಇಲ್ಲವೇ ಅರ್ಧ ಎಂಎಲ್, 1 ಎಂಎಲ್ ಪುಟ್ಟ ಶೀಷೆಗಳು. ಅಸಲಿ ಮಾಲು ಇಟ್ಟವರು ಅಷ್ಟು ಸಣ್ಣ ಅಳತೆಯಲ್ಲೇ ಮಾರುತ್ತಾರೆ.

ಹಿತ್ತಲಿನ ಪನ್ನೀರು ಗುಲಾಬಿಯಿಂದ ಎಣ್ಣೆ ತೆಗೆಯಲು ಹೋಗಬೇಡಿ. ನಮ್ಮ ಕಡೆ ಪನ್ನೀರು ಗುಲಾಬಿ ಅಂತ ಬೆಳೆಯುವುದರಲ್ಲಿ ಬಹಳಷ್ಟು ಎಡ್ವರ್ಡ್ ಗುಲಾಬಿ ಜಾತಿಯದು. ಅದರಲ್ಲಿ ಎಣ್ಣೆ ಡಮಾಸ್ಕ್‌ಗಿಂತಲೂ ಕಡಿಮೆ. ಒಂದು ಕೇಜಿ ಹೂವು ಕೂಡಿಸಿ ಬಟ್ಟಿ ಇಳಿಸಿದರೂ ಬರುವ ಕೆಲವೇ ಹನಿ ಪಾತ್ರೆಯ ಅಂಚಿಗೆ, ಕೊಳವೆಗೆ ಅಂಟಿಕೊಂಡೇ ಮುಗಿದುಹೋಗುತ್ತದೆ. ಯೂಟ್ಯೂಬ್‌ನಲ್ಲಿ ಎಸಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ‘ರೋಸ್ ಆಯಿಲ್’ ಅಂತ ತೋರಿಸುತ್ತಾರಲ್ಲ, ಅದು ಗುಲಾಬಿ ವಾಸನೆಯ ಕೊಬ್ಬರಿ ಎಣ್ಣೆ. ಹೆಕ್ಸೇನ್ ತರಿಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ, ಅದು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ.

ಪನ್ನೀರು ಮಾತ್ರ ಚೆನ್ನಾಗಿ ಬರುತ್ತದೆ. ಆಗಲೇ ಹೇಳಿದೆನಲ್ಲ, ತಾಜಾ ಗುಲಾಬಿಯ ವಾಸನೆ ಕೊಡುವ ಪದಾರ್ಥ ನೀರಿಗೇ ಇಳಿಯುತ್ತದೆ. ಭಟ್ಟಿಯವರಿಗೆ ಅದು ನಷ್ಟ, ನಿಮಗೆ ಲಾಭ. ಔಷಧಿ ಹೊಡೆಯದ ಹೂವನ್ನು ಬೆಳಗ್ಗೆ ಏಳು ಗಂಟೆಯೊಳಗೆ ಕಿತ್ತು, ಕಾಲು ಕೇಜಿ ಎಸಳಿಗೆ ಒಂದು ಲೀಟರ್ ನೀರು ಹಾಕಿ. ಅಗಲವಾದ ಪಾತ್ರೆಯ ನಡುವೆ ಒಂದು ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಬಟ್ಟಲು ಇಡಿ. ಮುಚ್ಚಳ ತಲೆಕೆಳಗಾಗಿ ಮುಚ್ಚಿ, ಮೇಲೆ ಐಸ್ ಹಾಕಿ. ಉರಿ ಸಣ್ಣದಿರಲಿ, ನೀರು ಕೊತಕೊತ ಕುದಿಯಬಾರದು. ಆವಿ ಮುಚ್ಚಳಕ್ಕೆ ತಗಲಿ ತಣ್ಣಗಾಗಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಐಸ್ ಕರಗಿದ ಹಾಗೆ ಬದಲಿಸುತ್ತಿರಿ. ಕಾಲು ಲೀಟರ್ ಕೂಡಿದ ಕೂಡಲೇ ನಿಲ್ಲಿಸಿ. ಆಮೇಲೆ ಬರುವುದು ಬರೀ ನೀರು, ಅದರ ಜೊತೆ ಬೆಂದ ಎಸಳಿನ ವಾಸನೆಯೂ ಸೇರಿ ಮೊದಲಿನದ್ದನ್ನೂ ಕೆಡಿಸುತ್ತದೆ. ಬಿಸಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಎರಡು ಮೂರು ವಾರ ಇರುತ್ತದೆ. ಬಾಟಲಿಯಲ್ಲಿ ನೂಲಿನಂಥದ್ದು ತೇಲುವುದು ಕಂಡರೆ ಚೆಲ್ಲಿಬಿಡಿ. ಮಾರ್ಕೆಟ್ಟಿನ ಡಚ್ ಗುಲಾಬಿಯಲ್ಲಿ ಇದನ್ನು ಮಾಡಬೇಡಿ. ಅದರಲ್ಲಿ ವಾಸನೆಗಿಂತ ಔಷಧಿಯೇ ಜಾಸ್ತಿ.